ಕಂದು ದಾರದ ನಾಲ್ಕು ಹೊಲಿಗೆ

ನಮ್ಮ ಯಜಮಾನರಿಗೆ ತಮ್ಮ ಕಣ್ಣಿನ ಮೇಲೆ ವಿಪರೀತ ನಂಬಿಕೆ. ಹುಕ್ಕೇರಿ ಬಜಾರಿನಲ್ಲಿ ಧ್ರುವ ಕಂಪನಿಯ ಅಸಲಿ ಬ್ಯಾಗು ಮಾರುವುದು ನಮ್ಮದೊಂದೇ ಅಂಗಡಿ. ಸಂತೆಯಲ್ಲಿ ನಕಲಿ ಕೊಂಡು ಮೋಸಹೋದವರೂ ನಮ್ಮಲ್ಲಿಗೇ ಬಂದು ಇದು ಖರೆ ಐತೇನ್ರಿ ಎಂದು ಕೇಳುತ್ತಾರೆ. ಇವರು ಜಿಪ್ಪು ಎಳೆಯುವ ತುಂಡನ್ನು ತಿರುವಿ ನೋಡಿ, ನಕ್ಷತ್ರದ ಅಚ್ಚು ಆಳವಾಗಿ ಕೂತಿದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಒಳಗಿನ ಅಸ್ತರು ನೋಡ್ರಿ, ಗಾಲಿ ನೋಡ್ರಿ ಎಂದು ನಾನು ಎಷ್ಟು ಬಡಕೊಂಡರೂ ಕಿವಿಗೆ ಹಾಕಿಕೊಂಡವರಲ್ಲ.

ಆ ಮಳೆಗಾಲದಲ್ಲಿ ಘಟಪ್ರಭೆ ಉಕ್ಕಿ ಗೋಕಾಕದಿಂದ ಮೂಡಲಗಿಗೆ ಹೊರಟಿದ್ದ ಟ್ರ್ಯಾಕ್ಸ ಜೀಪೊಂದು ಸೇತುವೆಯ ಮೇಲಿಂದ ಕೊಚ್ಚಿಹೋಯಿತು. ನಮ್ಮ ಓಣಿಯ ಹಿಂದಿನ ಗುಡ್ಡವ್ವನ ಮಗ ಸುಶಾಂತ ಪುಣೆಯಿಂದ ಹೊರಟವನು, ಮೊದಲು ಮೂಡಲಗಿಯ ಅಕ್ಕ ಸಂಘಮಿತ್ರಾಳನ್ನು ಕಂಡು ಮನೆಗೆ ಬರುತ್ತೇನೆ ಎಂದಿದ್ದ. ಅವನ ಮೊಬೈಲು ಬಂದ್ ಆಗಿತ್ತು. ಮೂಡಲಗಿಯ ಫೋನುಗಳೂ ಸತ್ತಿದ್ದವು. ರಸ್ತೆಗಳ ಮೇಲೆಲ್ಲ ನೀರು ನಿಂತು ಆ ಕಡೆ ಹೋಗುವ ದಾರಿಯೇ ಇರಲಿಲ್ಲ.

ಪೊಲೀಸ ಶೆಟ್ಟೆಪ್ಪ ಗುಡ್ಡವ್ವನನ್ನು ಕರೆದುಕೊಂಡು ಅಂಗಡಿಗೆ ಬಂದ. ಅವನ ಕೈಯಲ್ಲಿ ನಾಲ್ಕು ಫೋಟೋ. ಗೋಕಾಕದಲ್ಲಿ ಹೊಳೆಯಿಂದ ಎತ್ತಿದ ಗಾಲಿಯ ಬ್ಯಾಗಿನವು, ಅಲ್ಲಿಂದ ಕಳಿಸಿದ್ದನ್ನು ಇಲ್ಲಿ ಕಂಪ್ಯೂಟರಿನಲ್ಲಿ ತೆಗೆಸಿದ್ದು. ಬ್ಯಾಗು ಕಪ್ಪು, ಒಳಗಿನ ಸಾಮಾನೆಲ್ಲ ನೀರುಪಾಲು.

"ಶ್ರೀಪಾಲ ಸಾವ್ಕಾರ್ರ, ಇಂಥಾ ಕರೀ ಬ್ಯಾಗ ಊರತುಂಬ ಅದಾವ್ರಿ. ಈಕಿ ಮಗಂದು ಅಸಲಿ ಅಂತ, ನಿಮ್ಮಲ್ಲೇ ತಗೊಂಡಾನಂತ. ಇದು ಅಸಲಿ ಐತೋ ನಕಲಿ ಐತೋ ಹೇಳ್ರಿ," ಎಂದ.

ಗುಡ್ಡವ್ವ ಸೆರಗು ಬಾಯಿಗೆ ಒತ್ತಿಕೊಂಡು ಇವರ ಮುಖವನ್ನೇ ನೋಡುತ್ತಿದ್ದಳು.

ಮೇಲಿನ ಫೋಟೋದಲ್ಲಿ ಜಿಪ್ಪಿನ ತುಂಡು ದೊಡ್ಡದಾಗಿ ಕಾಣುತ್ತಿತ್ತು. ಬೋಳು. ನಕ್ಷತ್ರವಿಲ್ಲ, ಅಚ್ಚಿಲ್ಲ. ಇವರು ಮಿಕ್ಕ ಫೋಟೋ ಮುಟ್ಟಲೇ ಇಲ್ಲ.

"ನಕಲಿ ಐತಿ. ನಿನ್ನ ಮಗಂದಲ್ಲ ಬಿಡವ್ವಾ, ಅಂವ ಆರಾಮ ಅದಾನ," ಎಂದುಬಿಟ್ಟರು.

ಆಕೆ ಕೈಮುಗಿದು, ಅಳುತ್ತ ನಗುತ್ತ ಮನೆಗೆ ಓಡಿದಳು. ಶೆಟ್ಟೆಪ್ಪ ಫೋಟೋಗಳನ್ನು ಗಲ್ಲಾಪೆಟ್ಟಿಗೆಯ ಮೇಲೆ ಬಿಟ್ಟು ಚಹಾಕ್ಕೆ ಹೋದ.

ನಾನು ಸುಮ್ಮನೆ ಕೂರುವವಳಲ್ಲ. ಉಳಿದವನ್ನು ತೆಗೆದು ನೋಡಿದೆ. ಅಸ್ತರಿನ ಮೇಲೆ ಕಂಪನಿಯ ಹೆಸರು ಸಾಲು ಸಾಲಾಗಿ, ಒಂದು ಅಕ್ಷರವೂ ಮಸುಕಾಗದೆ ನಿಂತಿತ್ತು. ನಕಲಿಯವರ ಅಸ್ತರಿನಲ್ಲಿ ಸಾಲು ವಾರೆಯಾಗಿರುತ್ತದೆ. ಗಾಲಿ ಕೂರುವ ಗೂಡಿನಲ್ಲಿ ಪ್ಲಾಸ್ಟಿಕ್ಕಿನೊಂದಿಗೇ ಎರಕವಾದ ನಕ್ಷತ್ರ, ಸ್ಕ್ರೂ ಹಾಕಿ ಬಿಗಿದ ಗೂಡು. ನಕಲಿಗೆ ರಿವೆಟ್ ಬಡಿದಿರುತ್ತಾರೆ. ನಾಲ್ಕನೆಯದರಲ್ಲಿ ಜಿಪ್ಪಿನ ಕೊನೆಯ ಮೂಲೆ. ಕಪ್ಪು ಹೊಲಿಗೆಯ ನಡುವೆ ಕಂದು ದಾರದ ನಾಲ್ಕು ಹೊಲಿಗೆ.

ಅದು ನನ್ನ ಹೊಲಿಗೆ.

ದೀಪಾವಳಿಗೆ ಬಂದಾಗ ಸುಶಾಂತನ ಬ್ಯಾಗಿನ ಜಿಪ್ಪು ಕೆಟ್ಟಿತ್ತು. ಕಂಪನಿಯ ತುಂಡು ಬೆಳಗಾವಿಯಿಂದ ಬರುವುದರೊಳಗೆ ರಜೆಯೇ ಮುಗಿಯುತ್ತಿತ್ತು. ಹಾಗಾಗಿ ಎಲ್ಲರಿಗೂ ಮಾಡುವಂತೆ ಅವನಿಗೂ ಪೇಟೆಯ ಬೋಳು ತುಂಡನ್ನೇ ಇವರು ಹಾಕಿದರು. ಅದನ್ನು ಪೋಣಿಸಲು ಜಿಪ್ಪಿನ ತುದಿ ಬಿಚ್ಚಬೇಕು. ಮತ್ತೆ ಹೊಲಿದವಳು ನಾನು. ಕಪ್ಪು ದಾರ ತೀರಿತ್ತು. "ಇರ್ಲಿ ಬಿಡ್ರಿ ಕಾಕೂ, ಬಸ್ಸಿನ್ಯಾಗ ಗುರ್ತು ಸಿಗತೈತಿ," ಎಂದು ಹುಡುಗ ನಕ್ಕಿದ್ದ.

ಫೋಟೋವನ್ನು ಯಜಮಾನರ ಮೂಗಿಗೆ ಹಿಡಿದೆ. ಅವರು ನೋಡಿದರು. ಮುಖ ಬಿಳಿಚಿತು.

"ನೀರು ಇಳೀಲಿ. ಅಲ್ಲೀತನಕ ಆ ಹೆಣ್ಮಗಳು ಸಮಾಧಾನದಿಂದ ಇರ್ಲಿ ಬಿಡು."

"ಯಾರ ಸಮಾಧಾನರಿ, ಆಕಿದೋ ನಿಮ್ಮದೋ?" ಎಂದೆ. ನನಗೆ ಅವರ ಮೇಲೆ ಉರಿಯುತ್ತಿತ್ತು. ಆಕೆ ಇದ್ದಾಗಲೇ ನೋಡಲಿಲ್ಲವಲ್ಲ ಎಂದು ನನ್ನ ಮೇಲೂ. ಫೋಟೋ ಸೆರಗಿನೊಳಗೆ ಇಟ್ಟುಕೊಂಡು ಮಳೆಯಲ್ಲೇ ಹೊರಟೆ.

ಗುಡ್ಡವ್ವನ ಒಲೆಯ ಮೇಲೆ ಗೋದಿಹುಗ್ಗಿ ಕುದಿಯುತ್ತಿತ್ತು. "ಬರ್ರಿ ಅಕ್ಕಾರ, ಅಂವ ಬಂದ ಕೂಡ್ಲೇ ಬೇಕಂತಾನ. ಸಾವ್ಕಾರ್ರ ಬಾಯಾಗ ಸಕ್ರಿ ಬೀಳ್ಲಿ," ಎಂದು ತಾಟಿಗೆ ಬಡಿಸಿಯೂಬಿಟ್ಟಳು. ನಾನು ತಾಟು ಮುಟ್ಟದ್ದನ್ನು ಕಂಡು ಸೌಟು ಕೆಳಗಿಟ್ಟಳು. ನಾನು ಫೋಟೋ ಮುಂದಿಟ್ಟೆ.

ಆಕೆ ಅದನ್ನು ಒಲೆಯ ಬೆಳಕಿಗೆ ಹಿಡಿದಳು. ಬೆರಳು ಹರಿದಾಡಿ ಮೂಲೆಯಲ್ಲಿ ನಿಂತಿತು.

"ಈ ಹೊಲಿಗಿ ನೀವ ಹಾಕಿದ್ರಿ. ಮನಿಗೆ ಬಂದು ತೋರ್ಸಿ ನಕ್ಕಿದ್ದ."

"ಹೂಂ," ಎಂದೆ.

ಹುಗ್ಗಿ ತಳ ಹಿಡಿದ ವಾಸನೆ ಬಂತು. ಇಬ್ಬರೂ ಏಳಲಿಲ್ಲ. ಆಮೇಲೆ ಆಕೆ ನನ್ನ ಎರಡೂ ಕೈ ಹಿಡಿದು, ಮಕ್ಕಳು ಕೇಳುವಂತೆ ಕೇಳಿದಳು:

"ಇನ್ನೊಮ್ಮೆ ನಕಲಿ ಐತಿ ಅನ್ರಿ ಅಕ್ಕಾರ. ಒಮ್ಮೆ ಅನ್ರಿ."

ನನಗೆ ಅನ್ನಲಾಗಲಿಲ್ಲ.