ತಲುಪದಿದ್ದಲ್ಲಿ ಹಿಂದಿರುಗಿಸುವ ವಿಳಾಸ

ಜೆರಾಕ್ಸ್ ಅಂಗಡಿಯ ಅಕ್ಕನಿಗೆ ಕಾಯುವುದೆಂದರೆ ಆಗದು. ಗಿರಾಕಿ ಕಾಗದ ಕೊಡುವ ಮೊದಲೇ ಎಷ್ಟು ಪ್ರತಿ ಎಂದು ಕೇಳುವವಳು. ಕಾಗದ ಸಿಕ್ಕಿಹಾಕಿಕೊಂಡರೆ ಯಂತ್ರದ ಬೆನ್ನಿಗೆ ಎರಡು ಗುದ್ದಿ ಸರಿ ಮಾಡುವವಳು. ಇಂಥವಳ ಕೈಗೆ ತಂಗಿಯ ಶೂ ಸಿಕ್ಕಿತು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ.

ತಂಗಿಯ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಗಿಡ್ಡ. ಎಡಗಡೆ ದಪ್ಪ ಅಟ್ಟೆ ಇರುವ ಶೂ ಹಾಕಿಕೊಂಡರೆ ಅವಳು ಎಲ್ಲರ ಹಾಗೆ ನಡೆಯುತ್ತಾಳೆ. ಇಲ್ಲದಿದ್ದರೆ ಗೋಡೆ ಹಿಡಿದುಕೊಂಡು ಅಡುಗೆಮನೆ ತಲುಪುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ಆ ಶೂ ಮಾಡಿಕೊಟ್ಟಿದ್ದ ಮುದುಕ ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಆಸ್ಪತ್ರೆಯಲ್ಲಿ ಕೇಳಿದರೆ ಹೆಸರು ಬರೆದುಕೊಂಡರು, ಸರದಿ ಬರುವಾಗ ವರ್ಷ ಕಳೆಯುತ್ತದೆ ಎಂದರು. ಅಷ್ಟರಲ್ಲಿ ತಂಗಿಗೆ ಔಷಧಿ ಅಂಗಡಿಯೊಂದರ ಕೌಂಟರಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನಿಂದ ಸಂಜೆವರೆಗೆ ನಿಂತೇ ಇರಬೇಕಾದ ಕೆಲಸ. ಸವೆದ ಶೂ ಅದನ್ನು ತಡೆಯುವುದಿಲ್ಲವೆಂದು ಅಕ್ಕ ಆನ್‌ಲೈನಿನಲ್ಲಿ ಅಳತೆ ಕೊಟ್ಟು ಹೊಸ ಜೋಡಿ ತರಿಸಿದಳು.

ಬಂದ ಜೋಡಿಯಲ್ಲಿ ದಪ್ಪ ಅಟ್ಟೆ ಇದ್ದದ್ದು ಬಲಗಾಲಿಗೆ.

ತಂಗಿ ಅದನ್ನು ಹಾಕಿಕೊಂಡು ಎದ್ದು ನಿಂತಳು. ಮೊದಲೇ ಎತ್ತರವಿದ್ದ ಕಾಲು ಇನ್ನಷ್ಟು ಎತ್ತರವಾಗಿ, ಅವಳು ಪೂರ್ತಿ ಒಂದು ಕಡೆ ವಾಲಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ವಾರ ಆ ಮನೆಯಲ್ಲಿ ನಕ್ಕದ್ದು ಅದೇ ಕೊನೆ.

ಅಕ್ಕ ಫೋಟೊ ಹಾಕಿ ದೂರು ಕೊಟ್ಟಳು. ಮಾರಾಟಗಾರರು ತಪ್ಪು ಒಪ್ಪಿಕೊಂಡರು. ತಪ್ಪಾದ ಜೋಡಿ ವಾಪಸ್ ಬಂದ ಮೇಲೆ ಸರಿಯಾದದ್ದು ಮಾಡಿ ಕಳಿಸುತ್ತೇವೆ; ಮನೆಗೇ ಬಂದು ಒಯ್ಯಬೇಕೋ, ನೀವೇ ಕಳಿಸಬೇಕೋ, ಯಾವ ಗೋದಾಮಿಗೆ ಎಂಬುದನ್ನು ನಾಳೆ ತಿಳಿಸುತ್ತೇವೆ; ಅಲ್ಲಿಯವರೆಗೆ ದಯವಿಟ್ಟು ಕಳಿಸಬೇಡಿ ಎಂದು ಬರೆದರು.

"ನಾಳೆ ಅಂತೆ," ಎಂದಳು ಅಕ್ಕ. "ನಾಳೆಯಿಂದ ಕೊರಿಯರ್ ಅಂಗಡಿಗೆ ಎರಡು ದಿನ ರಜೆ. ನೀನು ಕೆಲಸಕ್ಕೆ ಸೇರೋದು ಸೋಮವಾರ. ಇವರು ಯಾವಾಗ ಹೇಳೋದು, ನಾವು ಯಾವಾಗ ಕಳಿಸೋದು?"

"ವಿಳಾಸ ಬರಲಿ ಕಣಕ್ಕ. ಬೇಡ ಅಂತ ಬರ್ದಿದ್ದಾರಲ್ಲ. ಸೋಮವಾರಕ್ಕೆ ಹಳೇದನ್ನೇ ಹಾಕ್ಕೊಂಡು ಹೋಗ್ತೀನಿ, ಬಿಡು."

"ವಿಳಾಸ ಡಬ್ಬದ ಮೇಲೇ ಇದೆಯಲ್ಲೇ. ಕಣ್ಣಿಗೆ ಹೊಡೆಯೋ ಹಾಗೆ."

ಇತ್ತು, ಸುಳ್ಳಲ್ಲ. ‘ತಲುಪದಿದ್ದಲ್ಲಿ ಈ ವಿಳಾಸಕ್ಕೆ ಹಿಂದಿರುಗಿಸಿ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿತ್ತು. ತಲುಪಿ, ಬಿಚ್ಚಿ, ಹಾಕಿ ನೋಡಿ ನಕ್ಕ ಶೂಗೆ ಆ ಸಾಲು ಅನ್ವಯಿಸುವುದಿಲ್ಲ ಎಂದು ಅಕ್ಕನಿಗೆ ಹೊಳೆಯಲಿಲ್ಲ. ಹಿಂದಿರುಗಿಸಿ ಎಂದಿದೆ, ಹಿಂದಿರುಗಿಸುತ್ತಿದ್ದೇವೆ, ಮುಗಿಯಿತಲ್ಲ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ಅಕ್ಕ ಜೆರಾಕ್ಸಿನವಳು. ಒರಿಜಿನಲ್ ನೋಡದೆ ಕಾಪಿ ಸರಿಯಾಗಿ ಬರುವುದಿಲ್ಲ ಎಂಬುದು ಅವಳ ರಕ್ತದಲ್ಲಿತ್ತು. ಬರೀ ಅಳತೆ ನಂಬಿ ಮಾಡಿದ್ದಕ್ಕೇ ಎಡಬಲ ತಪ್ಪಿದ್ದಾರೆ, ಕಣ್ಣಾರೆ ನೋಡಿದರೆ ತಪ್ಪುವುದಿಲ್ಲ ಎಂದುಕೊಂಡು ತಂಗಿಯ ಹಳೆಯ ಎಡಗಾಲಿನ ಶೂವನ್ನೂ ಡಬ್ಬಕ್ಕೆ ತುಂಬಿದಳು. ‘ಇದರ ಹಾಗೇ ಮಾಡಿ, ಇದನ್ನೂ ವಾಪಸ್ ಕಳಿಸಿ’ ಎಂದು ಚೀಟಿ ಅಂಟಿಸಿದಳು.

"ಅದಿಲ್ದೆ ನಾನು ನಡೆಯೋದು ಹೇಗಕ್ಕ?"

"ನಾಲ್ಕು ದಿನ ರಾಣಿ ಥರ ಕೂತ್ಕೋ. ಕೆಲಸಕ್ಕೆ ಹೊಸದ್ರಲ್ಲೇ ಹೋಗುವೆಯಂತೆ."

ಮನೆಯಲ್ಲಿ ದೊಡ್ಡವಳ ಮಾತಿಗೆ ಎದುರಾಡಿ ತಂಗಿಗೆ ಅಭ್ಯಾಸವಿರಲಿಲ್ಲ.

ಕೊರಿಯರ್ ಅಂಗಡಿಯವನು ಅರ್ಧ ಶಟರ್ ಎಳೆದಾಗಿತ್ತು. ಹಳೆಯ ಬಾರ್‌ಕೋಡಿನ ಮೇಲೆ ಹೊಸ ಚೀಟಿ ಅಂಟಿಸಿದ. ಇಲ್ಲದಿದ್ದರೆ ಯಂತ್ರ ಹಳೆಯದನ್ನೇ ಓದಿ ಡಬ್ಬವನ್ನು ಮತ್ತೆ ನಿಮ್ಮ ಮನೆಗೇ ತಂದು ಬಿಡುತ್ತದೆ ಎಂದ. ಅವನು ಮಾಡಿದ್ದು ಸರಿಯಾದ ಕೆಲಸವೇ. "ರಿಟರ್ನ್ ನಂಬರ್ ಏನಾದ್ರೂ ಕೊಟ್ಟಿದ್ದಾರಾ ಮೇಡಂ?" ಎಂದು ಒಂದು ಮಾತು ಕೇಳಿದ ಕೂಡ.

"ಅದೆಲ್ಲ ಬೇಡ, ವಿಳಾಸ ಇದೆಯಲ್ಲ," ಎಂದಳು ಅಕ್ಕ.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಸಂದೇಶ ಬಂತು. ನಮ್ಮವರೇ ಮನೆಗೆ ಬಂದು ಒಯ್ಯುತ್ತಾರೆ, ನೀವು ಎಲ್ಲಿಗೂ ಕಳಿಸಬೇಕಿಲ್ಲ ಎಂದಿತ್ತು. ಡಬ್ಬದ ಮೇಲೆ ಬರೆಯಬೇಕಾದ ರಿಟರ್ನ್ ನಂಬರ್ ಇತ್ತು. ಕೆಳಗೆ ಗೋದಾಮಿನ ವಿಳಾಸ, ಊರೇ ಬೇರೆ. ಅಕ್ಕ ಬಾಯಲ್ಲಿ ನೊರೆ ಇಟ್ಟುಕೊಂಡೇ ಅದನ್ನು ಮತ್ತೆ ಮತ್ತೆ ಓದಿದಳು. ಆಮೇಲೆ ಕೊರಿಯರ್ ಅಂಗಡಿಗೆ ಓಡಿದಳು. ಶಟರಿಗೆ ಬೀಗ, ಫೋನು ಸ್ವಿಚ್ ಆಫ್. ಚೀಲಗಳು ಹಿಂದಿನ ಸಂಜೆಯೇ ಗಾಡಿ ಹತ್ತಿದ್ದವು.

ಮಧ್ಯಾಹ್ನ ಒಯ್ಯುವವನು ಬಂದ. ಮೊಬೈಲಿನಲ್ಲಿ ಶೂವಿನ ಫೋಟೊ ತೋರಿಸಿ ಇದನ್ನು ಕೊಡಿ ಎಂದ. ಅಕ್ಕ ಆದದ್ದನ್ನೆಲ್ಲ ಹೇಳಿದಳು. ಪಾಪ, ಅವನು ನಿಂತು ಪೂರ್ತಿ ಕೇಳಿಸಿಕೊಂಡ.

"ನನಗೆ ಇಲ್ಲಿರೋದು ಎರಡೇ ಬಟನ್ ಅಕ್ಕಾ. ಮಾಲು ತಗೊಂಡೆ, ಇಲ್ಲಾ ಮಾಲು ಸಿಗಲಿಲ್ಲ. ಬೇರೆ ಕಡೆ ಕಳಿಸಿದ್ದಾರೆ ಅನ್ನೋ ಬಟನ್ ಇಲ್ಲ."

ಅವನು ಎರಡನೆಯದನ್ನು ಒತ್ತಿದ. ಮರುದಿನ ಬಂದೂ ಅದನ್ನೇ ಒತ್ತಿದ. ಅದರ ಮಾರನೆಯ ದಿನ ವಾಪಸಾತಿ ತಾನಾಗಿಯೇ ರದ್ದಾಯಿತು. ಅಕ್ಕ ಬೇಡಿಕೊಂಡು ಬರೆದಳು. ನಾವು ತಿಳಿಸಿದ ಗೋದಾಮಿಗೆ ವಸ್ತು ಸೇರದೆ ಬದಲಿ ಕಳಿಸಲಾಗುವುದಿಲ್ಲ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ ಎಂದು ಉತ್ತರ ಬಂತು. ಹೊಸ ಶೂ ಹಾಳಾಗಿ ಹೋಗಲಿ, ಹಳೆಯದನ್ನಾದರೂ ಹುಡುಕಿಕೊಡಿ ಎಂದಳು. ನಮ್ಮ ದಾಖಲೆಯಲ್ಲಿ ಅಂಥ ವಸ್ತುವಿಲ್ಲ ಎಂದರು.

ರಜೆ ಮುಗಿದು ಕೊರಿಯರ್ ಅಂಗಡಿ ತೆರೆಯಿತು. ಅಂಗಡಿಯವನು ಡಬ್ಬ ಹೋದ ಊರಿನ ಶಾಖೆಗೆ ಫೋನು ಮಾಡಿ, ಅಲ್ಲಿನ ಗೋದಾಮಿನಲ್ಲಿ ಅದಕ್ಕೆ ಸಹಿ ಹಾಕಿದ ಕಾವಲುಗಾರನ ನಂಬರ್ ಹಿಡಿದು, ಫೋನನ್ನು ಅಕ್ಕನ ಕೈಗೆ ಕೊಟ್ಟ.

"ಇಲ್ಲಿ ಗಿರಾಕಿ ಸಿಗದೆ ತಿರುಗಿ ಬಂದ ಮಾಲು ಮಾತ್ರಮ್ಮ," ಎಂದ ಕಾವಲುಗಾರ. "ಹತ್ತಾರು ಕಂಪನಿದು ಬರುತ್ತೆ. ಕೋಡ್ ಓದಿಸಿದ್ರೆ ಯಾರದ್ದು ಅಂತ ಗೊತ್ತಾಗುತ್ತೆ. ಕೋಡ್ ಮುಚ್ಚಿಹೋಗಿದೆ, ನಂಬರ್ ಇಲ್ಲ ಅಂದ್ರೆ ಮೂಲೆಗೆ ಹಾಕ್ತೀವಿ."

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಳು. "ಹಾಗಾದ್ರೆ ಮೂಲೇಲಿದೆ ಅಲ್ವಾ ಅಣ್ಣಾ? ನಾನೇ ಬಸ್ ಹತ್ತಿ ಬರ್ತೀನಿ. ಅದರಲ್ಲಿ ಒಂದು ಹಳೇ ಶೂ ಇದೆ, ಒಂದೇ ಕಾಲಿಂದು, ಅಟ್ಟೆ ದಪ್ಪ. ಅದೊಂದು ಕೊಡಿ ಸಾಕು."

ಕಾವಲುಗಾರ ದನಿ ತಗ್ಗಿಸಿದ.

"ನೋಡಿದೆ ಕಣಮ್ಮ. ನಿನ್ನೆ ಗುಜರಿಯವನು ಮೂಲೆ ಖಾಲಿ ಮಾಡೋವಾಗ ಡಬ್ಬ ಒಡೆದು ಬಿತ್ತು. ಒಂಟಿ ಶೂ ಯಾರಿಗೆ ಬೇಕು ಅಂತ ಅವನೇ ಕಸದ ಗಾಡಿಗೆ ಎಸೆದ. ಹೊಸ ಜೋಡಿ ತಗೊಂಡು ಹೋದ."

ಕೊರಿಯರ್ ಅಂಗಡಿಯವನು ಫೋನು ವಾಪಸ್ ಇಸಿದುಕೊಂಡು ಕುರ್ಚಿ ಎಳೆದುಕೊಟ್ಟ. ಅಕ್ಕ ಕೂರಲಿಲ್ಲ. ಪಕ್ಕದ ತನ್ನ ಅಂಗಡಿಗೆ ಹೋಗಿ ಯಂತ್ರ ಹಾಕಿದಳು. ಮೊದಲ ಗಿರಾಕಿ ಕಾಪಿ ತೆಗೆಸಿಕೊಂಡು ಹೊರಟಾಗ, ರೂಢಿಯಂತೆ ಗಾಜಿನ ಮುಚ್ಚಳ ಎತ್ತಿ "ಒರಿಜಿನಲ್ ಬಿಟ್ರಿ" ಎಂದು ಕೂಗಿದಳು. ದಿನಕ್ಕೆ ಎಷ್ಟು ಸಲ ಎಷ್ಟು ಜನಕ್ಕೆ ಹೇಳುತ್ತಾಳೋ ಈ ಮಾತನ್ನು. ಅವತ್ತು ಹೇಳಿದ ಮೇಲೆ ಯಂತ್ರದ ಹಿಂದೆ ಹೋಗಿ ಅತ್ತಳು.

ಸೋಮವಾರ ಬೆಳಿಗ್ಗೆ ತಂಗಿ ಎಲ್ಲರಿಗಿಂತ ಮೊದಲೇ ಎದ್ದು, ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಹಿಂದಿನ ದಿನ ಅಕ್ಕ ಚಪ್ಪಲಿಗೆ ರಟ್ಟು, ಸ್ಪಂಜು ಎಲ್ಲ ಕಟ್ಟಿ ಕೊಟ್ಟಿದ್ದಳು. ಅದು ಬಾಗಿಲು ತಲುಪುವ ಮೊದಲೇ ಬಿಚ್ಚಿಕೊಂಡು ತಂಗಿ ಮುಗ್ಗರಿಸಿದ್ದಳು. ಔಷಧಿ ಅಂಗಡಿಯ ಯಜಮಾನರಿಗೆ ಅಕ್ಕನೇ ಫೋನು ಮಾಡಿದಳು. ಅವರು ಬೈಯಲಿಲ್ಲ. ಕೌಂಟರ್ ಖಾಲಿ ಬಿಡೋಕಾಗಲ್ಲಮ್ಮ, ಇನ್ನೊಬ್ಬಳನ್ನು ಬರಹೇಳುತ್ತೇನೆ ಎಂದರು.

ಅಕ್ಕ ಫೋನು ಇಟ್ಟು ತಂಗಿಯ ಮುಖ ನೋಡಲಾಗದೆ ಅಲ್ಲೇ ಕೂತು ನೆಲ ನೋಡಿದಳು. ಬಾಗಿಲ ಬಳಿ ಹಳೆಯ ಬಲಗಾಲಿನ ಶೂ ಒಂದೇ ಇತ್ತು. ರಾತ್ರಿ ತಂಗಿ ಅದಕ್ಕೆ ಪಾಲಿಶ್ ಹಾಕಿದ್ದಳು.

"ಬೈದಾದ್ರೂ ಬಿಡೇ ನನ್ನ," ಎಂದಳು ಅಕ್ಕ.

ತಂಗಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಾಗಿಲವರೆಗೆ ಹೋದಳು. ಬಗ್ಗಿ ಆ ಶೂ ಎತ್ತಿಕೊಂಡು, ಅದೇ ನಿಧಾನದಲ್ಲಿ ವಾಪಸ್ ಬಂದು, ಅಕ್ಕನ ಮಡಿಲಲ್ಲಿ ಇಟ್ಟಳು.

"ಇದನ್ನೂ ಇದರ ಜೋಡಿ ಹೋದಲ್ಲಿಗೇ ಕಳಿಸಿಬಿಡಕ್ಕ," ಎಂದಳು. "ಈ ಸಲ ವಿಳಾಸ ಗೊತ್ತಿದೆಯಲ್ಲ."