ಅಲಿಯಬ್ಬನ ಬಂಗುಡೆ

ಉಚ್ಚಿಲದ ಒಣಮೀನು ವ್ಯಾಪಾರಿ ಅಲಿಯಬ್ಬ ಬಂಗುಡೆಯ ಬೆಲೆ ಇಳಿದಾಗಲೆಲ್ಲ ಕೊಂಡಿಟ್ಟು, ಹಳೆಯ ಮಟ್ಟಕ್ಕೆ ಏರಿದ ಮೇಲೆ ಮಾರಿ ಗೆದ್ದವನು. ಎಪ್ಪತ್ತೆಂಟನೇ ಇಸವಿಯಲ್ಲಿ ದೊಡ್ಡ ಬಲೆಯ ಬೋಟುಗಳು ಬಂದು ಮೀನು ರಾಶಿ ಬೀಳತೊಡಗಿತು. ಬೆಲೆ ತಿಂಗಳುಗಟ್ಟಲೆ ಇಳಿಯುತ್ತಲೇ ಹೋಯಿತು, ಅವನು ಕೊಳ್ಳುತ್ತಲೇ ಹೋದ. ಕೊನೆಗೆ ಎಲ್ಲವನ್ನೂ ಅರ್ಧ ಬೆಲೆಗೆ ಮಾರಿ, ಇನ್ನು ಬೆಲೆ ಹೋದ ದಿಕ್ಕಿಗೇ ತಾನೂ, ಏರುವಾಗ ಕೊಳ್ಳುವುದು, ಇಳಿಯುವಾಗ ಮಾರುವುದು ಎಂದು ತೀರ್ಮಾನಿಸಿದ.

ಮರುವಾರ ಗಾಳಿಯೆದ್ದು ಬೋಟುಗಳು ಕಡಲಿಗಿಳಿಯಲಾಗದೆ ದಡ ಸೇರಿದವು, ಮೀನು ಬರುವುದು ನಿಂತಿತು. ಮೂರೇ ದಿನದಲ್ಲಿ ಬೆಲೆ ದುಪ್ಪಟ್ಟಾಯಿತು. ಅಲಿಯಬ್ಬ ಕೊಳ್ಳಲೆಂದು ಮೀನು ಮಾರುವ ಕಮಲಳ ಬಳಿಗೆ ಓಡಿದ. ಅವಳು ಇದ್ದಬದ್ದ ಒಣಮೀನನ್ನೆಲ್ಲ ಆ ದುಪ್ಪಟ್ಟು ಬೆಲೆಗೆ ಅವನಿಗೆ ತೂಗಿಕೊಟ್ಟಳು.

"ಎಲ್ಲ ಯಾಕೆ ಮಾರಿದೆ ಕಮಲಾ? ಇನ್ನೂ ಏರಲಿಕ್ಕೆ ಉಂಟು."

"ಊರಿಗೆ ಬಂದ ದೊಡ್ಡ ಬೋಟು ವಾಪಸು ಹೋಗುವುದಿಲ್ಲ ಸಾಹುಕಾರ್ರೇ, ಗಾಳಿ ನಾಳೆ ಹೋಗ್ತದೆ, ಮತ್ತೆ ಮೀನು ರಾಶಿ ಬೀಳ್ತದೆ. ಬೆಲೆ ಎತ್ತ ಹೋಯಿತು ಅಂತ ನೋಡ್ತೀರಿ, ಯಾಕೆ ಹೋಯಿತು ಅಂತ ಕೇಳುವುದಿಲ್ಲ."

ಅಲಿಯಬ್ಬ ತಲೆಯೆತ್ತಿದ. ತೆಂಗಿನ ಗರಿಗಳು ಆಗಲೇ ಅಲುಗಾಡುವುದನ್ನು ನಿಲ್ಲಿಸಿದ್ದವು. ಅವನಿಗೆ ನಗು ತಡೆಯಲಾಗಲಿಲ್ಲ.

"ತೂಗುವ ಮೊದಲು ಹೇಳಬಾರದಿತ್ತಾ ಮಾರಾಯ್ತಿ?"

"ಹೇಳಿದ್ದರೆ ನೀವು ಕೊಳ್ಳುತ್ತಿದ್ದಿರಾ?"