ಈ ಫೋಟೋದಲ್ಲಿ ನೀವಿರಬಹುದು

ಟಚಪ್ಪಕ್ಕನಿಗೆ ಆ ಹೆಸರಿಟ್ಟವರು ಸ್ಟುಡಿಯೋದ ಮಾಲೀಕರು. ಗಿರಾಕಿಗಳ ಮೊಡವೆ ಅಳಿಸುವುದು, ಕಣ್ಣ ಕೆಳಗಿನ ಕಪ್ಪನ್ನು ತಿಳಿ ಮಾಡುವುದು, ಎರಡು ಗಲ್ಲ ಇದ್ದವರಿಗೆ ಒಂದನ್ನಷ್ಟೇ ಉಳಿಸಿಕೊಡುವುದು ಅವಳ ಕೆಲಸ. ಕಂಪ್ಯೂಟರಿನ ಮುಂದೆ ಕೂತು ದಿನಕ್ಕೆ ನಲವತ್ತು ಮುಖಗಳಿಗೆ ಟಚಪ್ ಮಾಡುವವಳು ಟಚಪ್ಪಕ್ಕ ಅಲ್ಲದೆ ಇನ್ನೇನು? ಅವಳೂ ಬಿಡಲಿಲ್ಲ. ಕ್ಯಾಮೆರಾ ಹಿಡಿದಾಗಲೆಲ್ಲ ‘ಸ್ಮೈಲ್, ಸ್ಮೈಲ್’ ಎಂದು ಪ್ರಾಣ ತಿನ್ನುತ್ತಿದ್ದ ಆ ಅರವತ್ತರ ಹಿರಿಯರಿಗೆ ಸ್ಮೈಲ್ ಮಾಮ ಎಂದು ಹೆಸರಿಟ್ಟಳು. ಇಬ್ಬರಿಗೂ ತಮ್ಮ ತಮ್ಮ ಹೆಸರು ಒಗ್ಗಿಹೋಗಿತ್ತು. ಅವಳಿಗಂತೂ ಹಳೆಯ ಹೆಸರು ಯಾರ ಬಾಯಲ್ಲೂ ಬಾರದೆ ಹೋದದ್ದೇ ದೊಡ್ಡ ಸಮಾಧಾನವಾಗಿತ್ತು.

ಮೂರು ವರ್ಷದ ಹಿಂದೆ ಅವಳು ಎರಡು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒಂದೇ ಒಂದು ಚೀಲ ಹಿಡಿದು ಗಂಡನ ಮನೆಯಿಂದ ಹೊರಬಿದ್ದು ದೂರದ ಈ ಊರಿಗೆ ಬಂದವಳು. ಆಗ ಅವಳ ಎಡಗೈ ಮೂಳೆ ಬಿರುಕು ಬಿಟ್ಟಿತ್ತು. ‘ಎಲ್ಲಿ ಹೋದರೂ ಹುಡುಕಿ ತೆಗೀತೀನಿ, ಮಗು ನನ್ನದು’ ಎಂದು ಅವನು ಮೊದಲೇ ಹೇಳಿಟ್ಟಿದ್ದ. ಅವನು ಹೇಳಿದ್ದನ್ನು ಮಾಡುವ ಜಾತಿಯವನು. ಆದ್ದರಿಂದ ಅವಳು ಕೂದಲು ಕತ್ತರಿಸಿದಳು, ಕನ್ನಡಕ ಹಾಕಿದಳು, ಹೊಸ ನಂಬರು ತೆಗೆದುಕೊಂಡಳು. ಹಳೆಯ ಫೋನಿನಿಂದ, ತಾನು ಫೋಟೋ ಹಾಕುತ್ತಿದ್ದ ಸಾಮಾಜಿಕ ಜಾಲತಾಣದ ಆ್ಯಪನ್ನು ತೆಗೆದುಹಾಕಿ, ಫೋನನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಬಿಟ್ಟು ಬಂದಳು. ಆ್ಯಪ್ ಹೋದರೆ ಖಾತೆಯೂ ಹೋಯಿತು ಎಂದು ಅವಳು ತಿಳಿದಿದ್ದಳು. ಎಷ್ಟೋ ಜನ ಹಾಗೆಯೇ ತಿಳಿದಿರುತ್ತಾರೆ, ಅವಳೊಬ್ಬಳನ್ನೇ ಪೆದ್ದಿ ಎನ್ನುವುದು ಬೇಡ.

ಮೊನ್ನೆಯ ಬುಧವಾರ ಮಧ್ಯಾಹ್ನ ಮೂರಕ್ಕೆ ತಂಗಿಯ ಫೋನು ಬಂತು. ಅಕ್ಕ ಎಲ್ಲಿದ್ದಾಳೆ ಎಂದು ಗೊತ್ತಿದ್ದವಳು ಆ ತಂಗಿ ಒಬ್ಬಳೇ.

“ಅಕ್ಕಾ, ನಿಮ್ಮ ಸ್ಟುಡಿಯೋ ಪೇಜಲ್ಲಿ ಒಂದು ಫೋಟೋ ಚೆನ್ನಾಗಿತ್ತು ಅಂತ ಇಳಿಸ್ಕೊಂಡು ನನ್ನ ಪೇಜಿಗೆ ಹಾಕೋಕೆ ಹೋದೆ. ನಿನ್ನ ಮುಖದ ಸುತ್ತ ಒಂದು ಚೌಕ ಬಂತು ಕಣೇ. ‘ಇವರನ್ನು ಟ್ಯಾಗ್ ಮಾಡಬೇಕೆ?’ ಅಂತ ಕೇಳ್ತು. ನಿನ್ನ ಹಳೇ ಹೆಸರು, ಪೂರ್ತಿ ಹೆಸರು.”

“ಹಾಕಿದ್ಯಾ?”

“ಇಲ್ಲ, ಹೆದರಿ ಮುಚ್ಚಿಬಿಟ್ಟೆ. ಆದ್ರೆ ಇನ್ನೊಂದು ವಿಷಯ ಅಕ್ಕಾ. ನಿನ್ನ ಹಳೇ ಖಾತೆ ಪಕ್ಕ ಹಸಿರು ಚುಕ್ಕೆ ಇದೆ. ಈಗ ಯಾರೋ ಅದರಲ್ಲಿ ಇದ್ದಾರೆ.”

ಪರದೆಯ ಮೇಲೆ ಯಾರದೋ ಅರ್ಧ ತಿದ್ದಿದ ಮೂಗು ಹಾಗೆಯೇ ಉಳಿಯಿತು. ಟಚಪ್ಪಕ್ಕ ಒಳಗಿನ ಕೋಣೆಯತ್ತ ತಿರುಗಿ ಕೂಗಿದಳು.

“ಮಾಮಾ, ನೀವು ನನ್ನ ಫೋಟೋ ಹಾಕಿದ್ರಾ?”

ಸ್ಮೈಲ್ ಮಾಮ ಬೆಳಕಿನ ಛತ್ರಿ ಮಡಚುತ್ತ ಹೊರಗೆ ಬಂದರು. “ಹಿಂದೆ ಎಲ್ಲೋ ಮೂಲೆಯಲ್ಲಿ ಬಂದಿರಬಹುದಮ್ಮ. ನೀನು ಹೇಳಿದ್ದು ನೆನಪಿದೆ ನನಗೆ. ಹೆಸರು ಹಾಕೇ ಇಲ್ಲವಲ್ಲ!”

ಪಾಪ, ಅವರ ಕಾಲದಲ್ಲಿ ಫೋಟೋ ಕೆಳಗೆ ಹೆಸರು ಬರೆಯದಿದ್ದರೆ ಗುಟ್ಟು ಉಳಿಯುತ್ತಿತ್ತು. ದಿನವಿಡೀ ಮುಖಗಳನ್ನು ಹಿಗ್ಗಿಸಿ ನೋಡುವ ಟಚಪ್ಪಕ್ಕನಿಗೆ ಮಾತ್ರ ತಾನೇ ಎಂಥ ಬೆಕ್ಕಾಗಿದ್ದೆ ಎಂಬುದು ಆ ಕ್ಷಣದಲ್ಲಿ ಹೊಳೆಯಿತು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು. ಕೂದಲು ಕತ್ತರಿಸಬಹುದು, ಕನ್ನಡಕ ಹಾಕಬಹುದು. ಕಣ್ಣಿನಿಂದ ಕಣ್ಣಿಗೆ ಇರುವ ದೂರ, ಮೂಗಿನ ಬುಡ, ದವಡೆಯ ಅಂಚು ಎಲ್ಲಿಗೂ ಹೋಗುವುದಿಲ್ಲ. ಹಳೆಯ ಖಾತೆಯಲ್ಲಿ ಅವಳ ನೂರಾರು ಫೋಟೋಗಳಿದ್ದವು. ಅವುಗಳಿಂದ ಆ ತಾಣ ಅವಳ ಮುಖದ ಲೆಕ್ಕಾಚಾರವೊಂದನ್ನು ಮಾಡಿ ಇಟ್ಟುಕೊಂಡಿತ್ತು.

“ಆ ಖಾತೆಯೊಳಗೆ ಹೋಗಿ ಅದನ್ನ ಆಫ್ ಮಾಡ್ಬೇಕು ಮಾಮ. ಬೇರೆ ದಾರಿ ಇಲ್ಲ.”

“ಪಾಸ್‌ವರ್ಡ್ ನೆನಪಿದೆಯಾ?”

ನೆನಪಿಲ್ಲದೆ ಏನು? ಇಟ್ಟವನು ಅವನೇ. ಗಂಡ ಹೆಂಡತಿ ನಡುವೆ ಬೀಗ ಯಾಕೆ ಎನ್ನುತ್ತಿದ್ದ, ತನ್ನ ಫೋನಿನ ಬೀಗದ ಮಾತು ಬಂದರೆ ಕೈ ಎತ್ತುತ್ತಿದ್ದ. ಅವಳು ಸ್ಟುಡಿಯೋದ ಕಂಪ್ಯೂಟರಿನಲ್ಲೇ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಒತ್ತಿದಳು. ಖಾತೆಯ ಬಾಗಿಲು ತಳ್ಳುವ ಮೊದಲೇ ತೆರೆದುಕೊಂಡಿತು.

“ಬದಲಾಯಿಸೇ ಇಲ್ಲ,” ಎಂದರು ಮಾಮ, ಸಮಾಧಾನದಿಂದ.

“ಬದಲಾಯಿಸಿದ್ರೆ ನನಗೆ ಮೇಲ್ ಬರ್ತಿತ್ತು ಮಾಮ. ನನಗೆ ಗೊತ್ತಾಗಬಾರದು ಅಂತ ಹಾಗೇ ಬಿಟ್ಟಿದ್ದಾನೆ.”

ಹೇಳುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು: ಹೊಸ ಸಾಧನದಿಂದ ನಿಮ್ಮ ಖಾತೆಗೆ ಲಾಗಿನ್ ಆಗಿದೆ. ಈ ಖಾತೆ ತೆರೆದಿರುವ ಬೇರೆ ಫೋನಿನಲ್ಲೂ ಇದೇ ಸಾಲು ಮೂಡಿರುತ್ತದೆ ಎಂದು ಅವಳಿಗೆ ಆಗ ಹೊಳೆಯಿತು. ಮಾಡಿದ್ದಾಯಿತು. ಇನ್ನು ಹಿಂದೆ ಸರಿದರೂ ಅಷ್ಟೇ, ಮುಂದೆ ಹೋದರೂ ಅಷ್ಟೇ.

ಸೆಟ್ಟಿಂಗ್ಸ್ ಒಳಗೆ, ಅದರೊಳಗೆ ಇನ್ನೊಂದು ಪುಟ, ಅದರ ಕೆಳಗೆ ‘ಮುಖ ಗುರುತಿಸುವಿಕೆ’. ಪಕ್ಕದಲ್ಲಿ ನೀಲಿ ಗುಂಡಿ, ಆನ್. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆಯಿತ್ತು. ಎಲ್ಲರಿಗೂ ಕಾಣುವ ಯಾವುದಾದರೂ ಫೋಟೋದಲ್ಲಿ ನಿಮ್ಮ ಮುಖವಿದ್ದರೆ, ಯಾರೂ ಹೆಸರು ಹಾಕದಿದ್ದರೂ, ನಿಮಗೆ ತಿಳಿಸುತ್ತೇವೆ. ನಿಮ್ಮ ಫೋಟೋ ದುರುಪಯೋಗ ಆಗದಂತೆ ಕಾಯಲು ಇದು ನೆರವಾಗುತ್ತದೆ.

ಟಚಪ್ಪಕ್ಕ ಆ ಸಾಲನ್ನು ಎರಡು ಸಲ ಓದಿದಳು. ಕಾವಲಿಗೆ ಇಟ್ಟ ನಾಯಿ ಮೂರು ವರ್ಷದಿಂದ ತಪ್ಪು ಮನುಷ್ಯನ ಕೈಯಲ್ಲಿತ್ತು.

ಗುಂಡಿ ಒತ್ತಿದಳು. ‘ಖಚಿತವೇ? ಆಫ್ ಮಾಡಿದರೆ ನಿಮ್ಮ ಮುಖದ ಬಗ್ಗೆ ಸಂಗ್ರಹಿಸಿದ ಮಾಹಿತಿಯನ್ನು ಅಳಿಸುತ್ತೇವೆ. ಇನ್ನು ಮುಂದೆ ನಿಮ್ಮನ್ನು ಫೋಟೋಗಳಲ್ಲಿ ಗುರುತಿಸುವುದಿಲ್ಲ. ಈಗಾಗಲೇ ಇರುವ ಫೋಟೋ ಮತ್ತು ಟ್ಯಾಗ್‌ಗಳು ಹಾಗೆಯೇ ಇರುತ್ತವೆ.’ ಖಚಿತ ಎಂದು ಒತ್ತಿದಳು. ನೀಲಿ ಗುಂಡಿ ಬೂದು ಬಣ್ಣಕ್ಕೆ ತಿರುಗಿತು.

“ಮುಗೀತಲ್ಲ?” ಎಂದರು ಮಾಮ.

“ಇರಿ, ಏನೇನು ಬಂದಿತ್ತೋ ನೋಡ್ತೀನಿ.”

ಮೇಲಿನ ಗಂಟೆಯ ಗುರುತನ್ನು ಒತ್ತಿದಳು. ಸೂಚನೆಗಳ ಪಟ್ಟಿ ಇಳಿಯಿತು. ಹುಟ್ಟುಹಬ್ಬಗಳು, ಯಾರದೋ ಮದುವೆ, ಮತ್ತೆ ಯಾರದೋ ಹುಟ್ಟುಹಬ್ಬ. ನಡುವೆ ಒಂದೇ ಮಾತು ಮೂರು ಸಲ: ಈ ಫೋಟೋದಲ್ಲಿ ನೀವಿರಬಹುದು. ತೆರೆಯದ ಸೂಚನೆಗಳಿಗೆ ನೀಲಿ ಹಿನ್ನೆಲೆ ಇರುತ್ತದೆ. ಈ ಮೂರಕ್ಕೂ ಇರಲಿಲ್ಲ. ಮೂರನ್ನೂ ತೆರೆದು ನೋಡಲಾಗಿತ್ತು.

ಮೊದಲನೆಯದು ಎರಡು ತಿಂಗಳ ಹಿಂದಿನದು. ಮದುವೆಯ ಗುಂಪಿನ ಹಿಂದೆ ಬೆಳಕಿನ ಛತ್ರಿ ಹಿಡಿದು ನಿಂತಿದ್ದಳು, ಅರ್ಧ ಮುಖ. ಎರಡನೆಯದರಲ್ಲಿ ಗಿರಾಕಿಯ ಬೆನ್ನ ಹಿಂದಿನ ಕನ್ನಡಿಯೊಳಗಿದ್ದಳು. ಮೂರನೆಯದು ಕಳೆದ ಶುಕ್ರವಾರದ್ದು. ಸ್ಟುಡಿಯೋದ ಮೆಟ್ಟಿಲ ಮೇಲೆ ಟಚಪ್ಪಕ್ಕ ಬಾಗಿ ಮಗಳ ಶೂ ಲೇಸು ಕಟ್ಟುತ್ತಿದ್ದಳು. ಪುಟ್ಟಿ ಕ್ಯಾಮೆರಾ ಕಡೆ ನೋಡಿ ಎರಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದಳು. ಸಮವಸ್ತ್ರದ ಜೇಬಿನ ಮೇಲೆ ಶಾಲೆಯ ಬ್ಯಾಡ್ಜು, ಅದರಲ್ಲಿನ ಅಕ್ಷರ ಒಂದೊಂದೂ ಓದುವಂತಿತ್ತು. ಮಾಮ ಒಳ್ಳೆಯ ಲೆನ್ಸನ್ನೇ ಹಾಕಿದ್ದರು.

“ಮಗು ನಗು ಅಷ್ಟು ಚೆನ್ನಾಗಿತ್ತು ಕಣಮ್ಮ...” ಎಂದ ಮಾಮನ ದನಿ ಅರ್ಧಕ್ಕೇ ನಿಂತಿತು.

ಅವಳು ಬೈಯಲಿಲ್ಲ. ಬೈಯುವಷ್ಟು ಹೊತ್ತು ಅವಳ ಬಳಿ ಇರಲಿಲ್ಲ. ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ತೋರಿಸುವ ಪುಟಕ್ಕೆ ಹೋದಳು. ಎರಡು ಸಾಲುಗಳಿದ್ದವು. ಒಂದು, ಈ ಕಂಪ್ಯೂಟರು. ಇನ್ನೊಂದು, ಯಾವುದೋ ಫೋನು. ಅದರ ಕೆಳಗೆ ‘ಈಗ ಸಕ್ರಿಯ’ ಎಂದಿತ್ತು. ಅದರ ಪಕ್ಕದಲ್ಲಿ ಊರಿನ ಹೆಸರು.

ಎರಡು ಸಾಲಿನಲ್ಲೂ ಇದ್ದದ್ದು ಇದೇ ಊರಿನ ಹೆಸರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಜನ ನಗಾಡುತ್ತಾರೆ. ಬಾಗಿಲು ಹಾಕಿದವಳ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಟಚಪ್ಪಕ್ಕ ಗೋಡೆಯ ಗಡಿಯಾರ ನೋಡಿದಳು. ಮೂರು ಇಪ್ಪತ್ತೆರಡು. ಶಾಲೆ ಬಿಡುವುದು ಮೂರೂವರೆಗೆ. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ.

“ಸ್ಕೂಟರ್ ತೆಗೀರಿ ಮಾಮ!”

ಮಾಮ ಬೀಗದ ಕೈಗಾಗಿ ತಡಕಾಡುತ್ತ ಹೊರಗೋಡಿದರು. ಅವಳು ಪುಟ್ಟಿಯ ಟೀಚರಿಗೆ ಫೋನು ಹಚ್ಚಿದಳು. ಏಳನೆಯ ರಿಂಗಿಗೆ ಎತ್ತಿದರು.

“ಮೇಡಂ, ಪುಟ್ಟಿನ ಹೊರಗೆ ಬಿಡಬೇಡಿ. ಅವಳಪ್ಪ ಬಂದಿರಬಹುದು. ನಾನು ಬರೋವರೆಗೂ ಯಾರ ಕೈಗೂ ಕೊಡಬೇಡಿ.”

“ಅಪ್ಪ ಇಲ್ಲ ಅಂದಿದ್ರಿ?”

“ಇದ್ದಾನೆ ಮೇಡಂ. ಅದಕ್ಕೇ ಇಲ್ಲ ಅಂದಿದ್ದೆ.”

ಟೀಚರ ದನಿ ಚುರುಕಾಯಿತು. “ಸರಿ, ಮಗು ನನ್ನ ಪಕ್ಕದಲ್ಲೇ ಸಾಲಿನಲ್ಲಿದೆ, ಕೈ ಹಿಡ್ಕೊಂಡಿದೀನಿ. ಗೇಟಿನ ಹತ್ರ ನಲವತ್ತು ಐವತ್ತು ಜನ ಅಪ್ಪ ಅಮ್ಮ ನಿಂತಿದ್ದಾರೆ. ಯಾರು ಅಂತ ಗೊತ್ತಾಗಬೇಕಲ್ಲ, ಅವರ ಫೋಟೋ ಒಂದು ಕಳಿಸಿ, ವಾಚ್‌ಮನ್‌ಗೆ ತೋರಿಸ್ತೀನಿ.”

ಫೋಟೋ! ಮಗಳು ಮರೆಯಲಿ ಎಂದು ಅವಳು ಅವನ ಒಂದು ಚಿತ್ರವನ್ನೂ ಇಟ್ಟುಕೊಂಡಿರಲಿಲ್ಲ. ಇದ್ದರೆ ಈ ಹಳೆಯ ಖಾತೆಯಲ್ಲೇ ಇರಬೇಕು. ಆಲ್ಬಮ್ ತೆರೆದಳು. ಮದುವೆಯ ಆಲ್ಬಮ್ಮಿನಲ್ಲಿ ಅವಳೊಬ್ಬಳೇ ಕೂತಿದ್ದಳು. ಪ್ರವಾಸದ ಆಲ್ಬಮ್ಮಿನಲ್ಲಿ ಸಮುದ್ರದ ಮುಂದೆ ಅವಳೊಬ್ಬಳೇ. ಇಬ್ಬರೂ ಇದ್ದ ಚಿತ್ರಗಳೆಲ್ಲ ಮಾಯವಾಗಿದ್ದವು. ತನ್ನ ಮುಖವನ್ನು ಅವನು ಒಂದೊಂದಾಗಿ ಹುಡುಕಿ ಅಳಿಸಿದ್ದ, ಅವಳದನ್ನು ಮಾತ್ರ ಜೋಪಾನವಾಗಿ ಉಳಿಸಿದ್ದ.

“ಫೋಟೋ ಇಲ್ಲ ಮೇಡಂ.”

“ಹಾಗಾದ್ರೆ ಹೇಗಿದ್ದಾರೆ ಹೇಳಿ. ದಪ್ಪ, ಸಣ್ಣ, ಮೀಸೆ?”

ದಿನಕ್ಕೆ ನಲವತ್ತು ಮುಖ ತಿದ್ದುವವಳ ಬಾಯಿಗೆ ಆ ಒಂದು ಮುಖ ಬರಲಿಲ್ಲ. ಕೈ ನೆನಪಾಯಿತು, ಚಪ್ಪಲಿಯ ಸದ್ದು ನೆನಪಾಯಿತು. ಮುಖ ಬರಲಿಲ್ಲ. “ಸಾಧಾರಣ ಇದ್ದಾನೆ... ಎಲ್ಲರ ಥರಾನೇ ಮೇಡಂ...” ಎಂದಳು. ಹೊರಗೆ ಸ್ಕೂಟರು ಎರಡು ಸಲ ಕೆಮ್ಮಿ ಶುರುವಾಯಿತು. ಅವಳು ಓಡಿಹೋಗಿ ಹಿಂದೆ ಕೂತಳು. ಫೋನು ಕಿವಿಯಲ್ಲೇ ಇತ್ತು.

ಫೋನಿನೊಳಗೆ ಗಂಟೆ ಹೊಡೆಯಿತು. ಮಕ್ಕಳ ಕೂಗು ಒಮ್ಮೆಲೇ ಎದ್ದಿತು. ವಾಚ್‌ಮನ್ ಗೇಟು ಎಳೆಯುವ ಸದ್ದು ಕೇಳಿಸಿತು.

“ಇಲ್ಲಿ ಎಲ್ಲಾರೂ ಮಾಮೂಲಿನವರೇ ಕಾಣ್ತಾರಮ್ಮ,” ಎಂದರು ಟೀಚರು. “ಗಾಬರಿ ಆಗ್ಬೇಡಿ. ತಮ್ಮ ತಮ್ಮ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದಾರೆ, ನಾನು ಒಬ್ಬೊಬ್ಬರನ್ನೇ ನೋಡ್ತಿದೀನಿ.” ಆಮೇಲೆ ಅವರು ಮಾತು ನಿಧಾನ ಮಾಡಿದರು. “ಒಬ್ಬರು ಮಾತ್ರ... ಫೋನು ಎತ್ತಿ ಹಿಡ್ಕೊಂಡಿದಾರೆ. ಫೋನ್ ನೋಡ್ತಾರೆ, ಬರೋ ಮಗು ಮುಖ ನೋಡ್ತಾರೆ. ಮತ್ತೆ ಫೋನ್ ನೋಡ್ತಾರೆ. ಹೆಣ್ಣುಮಕ್ಕಳನ್ನಷ್ಟೇ. ಒಂದೊಂದೇ ಮಗೂನ ಹಾಗೇ ಹೋಲಿಸಿ ನೋಡ್ತಾ...”

“ಅವನೇ,” ಎಂದಳು ಟಚಪ್ಪಕ್ಕ. “ಮೇಡಂ, ಅವನೇ. ಪುಟ್ಟಿ ಮುಖ ಆ ಕಡೆ ತಿರುಗಿಸಿ.”